ಒಂದಕ್ಕೆ ಸ್ವ್ಯಾಬ್, ಇನ್ನೊಂದಕ್ಕೆ ಅಡುಗೆಮನೆ: ಬಸುರಿಯರು ತಿಳಿದಿರಬೇಕಾದ ಎರಡು ಬ್ಯಾಕ್ಟೀರಿಯಾ

ಎಂಟು ತಿಂಗಳು ಮುಗಿಯುವ ಹೊತ್ತಿಗೆ ಕೆಲವು ಡಾಕ್ಟರು ಒಂದು ಸ್ವ್ಯಾಬ್ ಟೆಸ್ಟ್ ಬರೆದುಕೊಡುತ್ತಾರೆ. ಅದಕ್ಕೂ ಎಷ್ಟೋ ಮುಂಚೆ, ಮೂರನೇ ತಿಂಗಳಲ್ಲೇ, ಹಸಿ ಹಾಲು ಬೇಡ, ಫ್ರಿಜ್‌ನಲ್ಲಿ ಇಟ್ಟಿದ್ದನ್ನು ಹಾಗೇ ತಿನ್ನಬೇಡಿ ಅಂತ ಹೇಳಿರುತ್ತಾರೆ. ಎರಡೂ ಮಗುವಿಗೆ ಸೋಂಕು ತಗಲದಿರಲಿ ಅಂತಲೇ. ಆದರೆ ಸ್ವ್ಯಾಬ್ ಮಾಡಿಸಿದರೆ ಊಟದ ಪಥ್ಯ ಬೇಡ ಅಂತಲ್ಲ, ಪಥ್ಯ ಮಾಡಿದರೆ ಸ್ವ್ಯಾಬ್ ಬೇಡ ಅಂತಲೂ ಅಲ್ಲ. ಸ್ವ್ಯಾಬ್ ಇರುವುದು ಗ್ರೂಪ್ ಬಿ ಸ್ಟ್ರೆಪ್‌ಗೆ, ಪಥ್ಯ ಇರುವುದು ಲಿಸ್ಟೀರಿಯಾಗೆ. ಎರಡು ಬೇರೆ ಬೇರೆ ಬ್ಯಾಕ್ಟೀರಿಯಾ, ಎರಡಕ್ಕೂ ಬೇರೆ ಬೇರೆ ದಾರಿ. ನಾನು ಲ್ಯಾಬಿನಲ್ಲಿ ಈ ಸ್ಯಾಂಪಲ್‌ಗಳನ್ನು ನೋಡುವವಳು. ಗೊಂದಲ ಎಲ್ಲಿ ಆಗುತ್ತದೆ ಅಂತ ಗೊತ್ತಿರುವುದರಿಂದ ಒಂದೊಂದೇ ಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಮೊದಲು, ಎರಡೂ ಮಗುವನ್ನು ತಲುಪುವುದು ಹೇಗೆ

ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್, ಚಿಕ್ಕದಾಗಿ ಗ್ರೂಪ್ ಬಿ ಸ್ಟ್ರೆಪ್, ನಮ್ಮ ಕರುಳಿನಲ್ಲಿ ವಾಸ ಮಾಡುವ ಬ್ಯಾಕ್ಟೀರಿಯಾ. ಅಲ್ಲಿಂದ ಯೋನಿಗೂ ಬಂದು ನೆಲೆಸುತ್ತದೆ. ಪ್ರಪಂಚದಲ್ಲಿ ಸರಿಸುಮಾರು ಐದರಲ್ಲಿ ಒಬ್ಬ ಗರ್ಭಿಣಿಯ ಮೈಯಲ್ಲಿ ಇದು ಇರುತ್ತದೆ. ನಮ್ಮ ಕಡೆ ಸ್ವಲ್ಪ ಕಡಿಮೆ. ಇದ್ದರೆ ಉರಿ ಇಲ್ಲ, ತುರಿಕೆ ಇಲ್ಲ, ಏನೂ ಗೊತ್ತಾಗುವುದಿಲ್ಲ. ಇದು ಕೊಳಕಿನಿಂದ ಬಂದದ್ದಲ್ಲ. ಇದನ್ನು ಲೈಂಗಿಕ ರೋಗ ಅಂತ ಪರಿಗಣಿಸುವುದಿಲ್ಲ, ಗಂಡನಿಗೆ ಚಿಕಿತ್ಸೆಯೂ ಬೇಕಿಲ್ಲ. ಮಗುವಿಗೆ ಇದು ಅಂಟುವುದು ಹೆಚ್ಚಾಗಿ ಹೆರಿಗೆಯ ಹೊತ್ತಿನಲ್ಲಿ: ನೀರು ಒಡೆದ ಮೇಲೆ, ಅಥವಾ ಮಗು ಹೊರಬರುವ ದಾರಿಯಲ್ಲಿ. ತಾಯಿಗೆ ಔಷಧ ಕೊಡದಿದ್ದರೆ ಸುಮಾರು ಅರ್ಧದಷ್ಟು ಮಕ್ಕಳಿಗೆ ಅಂಟುತ್ತದೆ. ಅಂಟಿಸಿಕೊಂಡ ನೂರು ಮಕ್ಕಳಲ್ಲಿ ಒಂದೋ ಎರಡೋ ಕಾಯಿಲೆ ಬೀಳುತ್ತವೆ. ಸಂಖ್ಯೆ ಚಿಕ್ಕದು, ಆದರೆ ಆ ಒಂದು ಮಗುವಿಗೆ ರಕ್ತದ ಸೋಂಕು, ನ್ಯುಮೋನಿಯಾ, ಕೆಲವೊಮ್ಮೆ ಮೆದುಳಿನ ಪೊರೆಯ ಜ್ವರ ಆಗುತ್ತದೆ. ಅದೂ ಹೆಚ್ಚಾಗಿ ಹುಟ್ಟಿದ ಮೊದಲ 24 ಗಂಟೆಯೊಳಗೆ.

ಲಿಸ್ಟೀರಿಯಾದ ನಡೆ ಬೇರೆ. ಅದು ಊಟದ ಜೊತೆ ಹೊಟ್ಟೆಗೆ ಬರುತ್ತದೆ. ಕರುಳಿನ ಗೋಡೆ ದಾಟಿ ರಕ್ತಕ್ಕೆ, ರಕ್ತದಿಂದ ಮಾಸಿಗೆ, ಮಾಸಿನಿಂದ ಮಗುವಿಗೆ ಹೋಗುತ್ತದೆ. ಹೆರಿಗೆಗೆ ಕಾಯುವುದಿಲ್ಲ, ಗರ್ಭದಲ್ಲೇ ಸೋಂಕು ತಗಲುತ್ತದೆ. ತಾಯಿಗೆ ಫ್ಲೂ ಥರದ ಜ್ವರ ಬಂದು ಹೋಗಬಹುದು, ಅಷ್ಟೆ. ಆದರೆ ಗರ್ಭಪಾತ, ಹೊಟ್ಟೆಯಲ್ಲೇ ಮಗು ತೀರಿಕೊಳ್ಳುವುದು, ದಿನ ತುಂಬುವ ಮೊದಲೇ ಹೆರಿಗೆ, ಇವೆಲ್ಲ ಆಗುವ ಭಯ ಇದೆ. ಕಾಯಿಲೆ ತೀರಾ ಅಪರೂಪ. ಆದರೆ ಬೇರೆಯವರಿಗಿಂತ ಗರ್ಭಿಣಿಯರಿಗೆ ಬರುವ ಸಂಭವ ಸುಮಾರು ಹತ್ತು ಪಟ್ಟು ಜಾಸ್ತಿ.

ಹಾಗಾದರೆ ಲಿಸ್ಟೀರಿಯಾಗೂ ಎಲ್ಲರಿಗೆ ಒಂದು ಟೆಸ್ಟ್ ಮಾಡಬಹುದಲ್ವಾ? ಆಗುವುದಿಲ್ಲ. ಆರೋಗ್ಯವಾಗಿರುವ ಎಷ್ಟೋ ಜನರ ಮಲದಲ್ಲಿ ಅದು ನಾಲ್ಕಾರು ದಿನ ಕಾಣಿಸಿಕೊಂಡು ತಾನೇ ಹೋಗಿಬಿಡುತ್ತದೆ. ಸಿಕ್ಕಿತು ಅಂದರೆ ಕಾಯಿಲೆ ಅಂತಲ್ಲ, ಸಿಗಲಿಲ್ಲ ಅಂದರೆ ನಾಳೆ ಬರುವುದಿಲ್ಲ ಅಂತಲೂ ಅಲ್ಲ. ಗ್ರೂಪ್ ಬಿ ಸ್ಟ್ರೆಪ್ ಹಾಗಲ್ಲ. ಅದು ವಾರಗಟ್ಟಲೆ ಇರುತ್ತದೆ, ಮಗುವಿಗೆ ಅಂಟುವ ಗಳಿಗೆಯೂ ಮೊದಲೇ ಗೊತ್ತು. ಹಾಗಾಗಿ ಒಂದನ್ನು ಹೆರಿಗೆ ಕೋಣೆಯಲ್ಲಿ ತಡೆಯುತ್ತೇವೆ, ಇನ್ನೊಂದನ್ನು ಅಡುಗೆಮನೆಯಲ್ಲೇ ತಡೆಯಬೇಕು.

ಹೆಜ್ಜೆ 1: ಸ್ವ್ಯಾಬ್ ಯಾರಿಗೆ, ಯಾವಾಗ

ಅಮೆರಿಕದಲ್ಲಿರುವ ಕನ್ನಡಿಗರಿಗೆ ಈ ಟೆಸ್ಟ್ ತಾನಾಗಿಯೇ ಬರುತ್ತದೆ. ಅಲ್ಲಿ 2002ರಿಂದ ಎಲ್ಲ ಗರ್ಭಿಣಿಯರಿಗೂ ಮಾಡುತ್ತಾರೆ. 1990ರ ದಶಕದ ಆರಂಭದಲ್ಲಿ ಸಾವಿರ ಹೆರಿಗೆಗೆ ಸುಮಾರು 1.8ರಷ್ಟಿದ್ದ ಮೊದಲ ವಾರದ ಕಾಯಿಲೆ, ಹೆರಿಗೆ ಹೊತ್ತಿನಲ್ಲಿ ಆಂಟಿಬಯೋಟಿಕ್ ಕೊಡುವುದು ರೂಢಿಯಾದ ಮೇಲೆ 2015ರ ಹೊತ್ತಿಗೆ 0.23ಕ್ಕೆ ಇಳಿಯಿತು. ಬ್ರಿಟನ್‌ನಲ್ಲಿ ಎಲ್ಲರಿಗೂ ಮಾಡುವ ಪದ್ಧತಿ ಇಲ್ಲ. ಅಪಾಯದ ಲಕ್ಷಣ ಇರುವವರಿಗೆ ಔಷಧ ಕೊಡುತ್ತಾರೆ.

ನಮ್ಮಲ್ಲೂ ಎಲ್ಲರಿಗೂ ಅಂತ ಸರ್ಕಾರಿ ಕಾರ್ಯಕ್ರಮ ಇಲ್ಲ. ಅದಕ್ಕೆ ಕಾರಣವೂ ಇದೆ. ಇಲ್ಲಿ ಹಸುಗೂಸುಗಳ ರಕ್ತದ ಸೋಂಕಿನಲ್ಲಿ ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್, ಇ. ಕೊಲೈ ಎಂಬ ಬೇರೆ ಬ್ಯಾಕ್ಟೀರಿಯಾಗಳೇ ಮುಂದಿವೆ. ಆದ್ದರಿಂದ ನಿಮ್ಮ ಡಾಕ್ಟರು ಸ್ವ್ಯಾಬ್ ಬರೆಯಲಿಲ್ಲ ಅಂದರೆ ಅದು ನಿರ್ಲಕ್ಷ್ಯ ಅಂತ ತಿಳಿಯಬೇಡಿ. 34ನೇ ವಾರದ ಭೇಟಿಯಲ್ಲಿ ನೀವೇ ಕೇಳಿ: "ಡಾಕ್ಟ್ರೇ, ನಿಮ್ಮಲ್ಲಿ ಗ್ರೂಪ್ ಬಿ ಸ್ಟ್ರೆಪ್ ಟೆಸ್ಟ್ ಮಾಡ್ತೀರಾ, ಅಥವಾ ಲಕ್ಷಣ ನೋಡಿ ಔಷಧ ಕೊಡ್ತೀರಾ?" ಎರಡರಲ್ಲಿ ಯಾವುದಾದರೂ ಒಂದು ಇರಬೇಕು.

ಎರಡು ಸಂದರ್ಭದಲ್ಲಿ ಸ್ವ್ಯಾಬ್ ಬೇಕೇ ಇಲ್ಲ, ನೇರವಾಗಿ ಹೆರಿಗೆ ಹೊತ್ತಿನಲ್ಲಿ ಆಂಟಿಬಯೋಟಿಕ್ ಕೊಡುತ್ತಾರೆ. ಹಿಂದಿನ ಮಗುವಿಗೆ ಈ ಕಾಯಿಲೆ ಬಂದಿದ್ದರೆ ಒಂದು. ಈ ಬಸಿರಿನಲ್ಲೇ ಯಾವಾಗಲಾದರೂ ಮೂತ್ರದ ಕಲ್ಚರ್‌ನಲ್ಲಿ ಗ್ರೂಪ್ ಬಿ ಸ್ಟ್ರೆಪ್ ಸಿಕ್ಕಿದ್ದರೆ ಇನ್ನೊಂದು. ಎರಡನೆಯದನ್ನು ಜನ ಮರೆಯುತ್ತಾರೆ. ನಾಲ್ಕನೇ ತಿಂಗಳಲ್ಲಿ ಮಾತ್ರೆ ತಗೊಂಡು ವಾಸಿಯಾಯಿತು ಅಂತ ರಿಪೋರ್ಟ್ ಎಲ್ಲೋ ಇಟ್ಟುಬಿಡುತ್ತಾರೆ. ಅದು ಹೆರಿಗೆ ದಿನಕ್ಕೆ ಬೇಕು.

ಈಗ ದಿನದ ಲೆಕ್ಕ. ಸುಮಾ ಎಂಬುವರ ಡ್ಯೂ ಡೇಟ್ ನವೆಂಬರ್ 20 ಅಂತ ಇಟ್ಟುಕೊಳ್ಳೋಣ. ಅಮೆರಿಕದ ಪ್ರಸೂತಿ ತಜ್ಞರ ಸಂಘ ಹೇಳುವ ಸಮಯ 36 ವಾರ ತುಂಬಿದ ದಿನದಿಂದ 37 ವಾರ 6 ದಿನದವರೆಗೆ. ಅಂದರೆ ಡ್ಯೂ ಡೇಟ್‌ಗೆ 28 ದಿನ ಮುಂಚಿನಿಂದ 15 ದಿನ ಮುಂಚಿನವರೆಗೆ. ಸುಮಾಗೆ ಅದು ಅಕ್ಟೋಬರ್ 23ರಿಂದ ನವೆಂಬರ್ 5. ಅವರು ಅಕ್ಟೋಬರ್ 26ಕ್ಕೆ ಸ್ಯಾಂಪಲ್ ಕೊಟ್ಟರು. ಈ ರಿಪೋರ್ಟನ್ನು ಐದು ವಾರ ನಂಬಬಹುದು, ಅಂದರೆ ನವೆಂಬರ್ 30ರವರೆಗೆ. ಹೆರಿಗೆ ಹತ್ತು ದಿನ ತಡವಾದರೂ ನಡೆಯುತ್ತದೆ. ಅದೇ ಏಳನೇ ತಿಂಗಳಲ್ಲಿ ಮಾಡಿಸಿದ್ದರೆ ದುಡ್ಡು ದಂಡ. ಈ ಬ್ಯಾಕ್ಟೀರಿಯಾ ಬರುತ್ತದೆ, ಹೋಗುತ್ತದೆ.

ಹೆಜ್ಜೆ 2: ಸ್ಯಾಂಪಲ್ ಸರಿಯಾಗಿ ಹೋಗಲಿ

ಈ ಟೆಸ್ಟ್ ಕೆಡುವುದು ಇಲ್ಲಿಯೇ. ಸ್ವ್ಯಾಬ್ ಎಂದರೆ ಹತ್ತಿ ಸುತ್ತಿದ ಕಡ್ಡಿ. ಅದನ್ನು ಮೊದಲು ಯೋನಿಯ ಕೆಳಭಾಗದಲ್ಲಿ, ಬಾಯಿಯ ಹತ್ತಿರವೇ, ಆಡಿಸಬೇಕು. ಆಮೇಲೆ ಅದೇ ಕಡ್ಡಿಯನ್ನು ಗುದದ್ವಾರದ ಒಳಗೆ ಸ್ವಲ್ಪ ತೂರಿಸಿ ತಿರುಗಿಸಬೇಕು. ಸ್ಪೆಕ್ಯುಲಮ್ ಉಪಕರಣ ಬೇಕಿಲ್ಲ. ನರ್ಸ್ ಹೇಳಿಕೊಟ್ಟರೆ ನೀವೇ ತೆಗೆದುಕೊಳ್ಳಬಹುದು. ಗುದದ್ವಾರದ ಭಾಗವನ್ನು ನಾಚಿಕೆಗೆ ಬಿಟ್ಟುಬಿಡುವುದು ಸಾಮಾನ್ಯ, ಆದರೆ ಬ್ಯಾಕ್ಟೀರಿಯಾದ ತವರು ಅದೇ. ಬಿಟ್ಟರೆ ಎಷ್ಟೋ ಪಾಸಿಟಿವ್‌ಗಳು ತಪ್ಪಿಹೋಗುತ್ತವೆ. ಬಿಳಿಸೆರಗಿಗೆ ಅಂತ ಯೋನಿಯ ಮೇಲ್ಭಾಗದಿಂದ ತೆಗೆಯುವ ಮಾಮೂಲಿ ಸ್ವ್ಯಾಬ್ ಈ ಕೆಲಸಕ್ಕೆ ಬರುವುದಿಲ್ಲ.

ಲ್ಯಾಬ್ ಚೀಟಿಯ ಮೇಲೆ "ಗರ್ಭಿಣಿ, ಗ್ರೂಪ್ ಬಿ ಸ್ಟ್ರೆಪ್ ಸ್ಕ್ರೀನಿಂಗ್" ಅಂತ ಸ್ಪಷ್ಟವಾಗಿ ಬರೆದಿರಬೇಕು. ಯಾಕೆ ಅಂದರೆ, ಸುಮ್ನೆ "ಸ್ವ್ಯಾಬ್ ಕಲ್ಚರ್" ಅಂತ ಬಂದರೆ ನಾವು ಅದನ್ನು ನೇರವಾಗಿ ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟಿಗೆ ಹಚ್ಚುತ್ತೇವೆ. ಕರುಳಿನ ಉಳಿದ ಬ್ಯಾಕ್ಟೀರಿಯಾ ದಟ್ಟವಾಗಿ ಬೆಳೆದು ಇದನ್ನು ಮುಚ್ಚಿಬಿಡುತ್ತವೆ. ಸ್ಕ್ರೀನಿಂಗ್ ಅಂತ ಗೊತ್ತಿದ್ದರೆ ಸ್ವ್ಯಾಬನ್ನು ಮೊದಲು ಎನ್‌ರಿಚ್‌ಮೆಂಟ್ ಬ್ರಾತ್ ಎಂಬ ಒಂದು ವಿಶೇಷ ದ್ರವದಲ್ಲಿ ಅದ್ದಿ ರಾತ್ರಿಯಿಡೀ ಬೆಚ್ಚಗೆ ಇಡುತ್ತೇವೆ. ಅದರಲ್ಲಿ ಬೇರೆಯವನ್ನು ತಡೆಯುವ ಆಂಟಿಬಯೋಟಿಕ್ ಇರುತ್ತದೆ, ಗ್ರೂಪ್ ಬಿ ಸ್ಟ್ರೆಪ್ ಮಾತ್ರ ಹಾಯಾಗಿ ಬೆಳೆಯುತ್ತದೆ. ಮಾರನೇ ದಿನ ರಕ್ತ ಬೆರೆಸಿದ ಪ್ಲೇಟಿಗೆ ಹಾಕಿದರೆ ಬೂದು ಬಣ್ಣದ ಚಿಕ್ಕ ಚುಕ್ಕೆಗಳು ಕಾಣುತ್ತವೆ, ಸುತ್ತ ಕೂದಲೆಳೆಯಷ್ಟು ತೆಳುವಾದ ತಿಳಿ ಅಂಚು. ಅಷ್ಟು ಸಣ್ಣ ಅಂಚು ಅದು. ದಟ್ಟ ಬೆಳವಣಿಗೆಯ ನಡುವೆ ಕಾಣುವುದೇ ಇಲ್ಲ. ದ್ರವದ ಹೆಜ್ಜೆ ಬಿಟ್ಟರೆ ಹತ್ತಿರ ಹತ್ತಿರ ಅರ್ಧದಷ್ಟು ಪಾಸಿಟಿವ್‌ಗಳು "ನೆಗೆಟಿವ್" ಆಗಿ ಹೋಗಬಹುದು. ಹಾಗಾಗಿ ಲ್ಯಾಬಿಗೆ ಫೋನ್ ಮಾಡಿ "ಎನ್‌ರಿಚ್‌ಮೆಂಟ್ ಬ್ರಾತ್ ಬಳಸ್ತೀರಾ?" ಅಂತ ಕೇಳುವುದು ಅತಿ ಅಲ್ಲ. ಉತ್ತರ ಬರಲು ಎರಡು ಮೂರು ದಿನ ಬೇಕು. ಅದೇ ದಿನ ಸಂಜೆ "ಕಲ್ಚರ್ ನೆಗೆಟಿವ್" ಅಂತ ಕೈಗೆ ಬಂದರೆ ಏನೋ ಸರಿಯಿಲ್ಲ ಅಂತಲೇ ಅರ್ಥ.

ಪೆನಿಸಿಲಿನ್ ಅಲರ್ಜಿ ಇದ್ದರೆ ಅದನ್ನೂ ಚೀಟಿಯಲ್ಲಿ ಬರೆಸಿ. ಆಗ ಬೇರೆ ಔಷಧಕ್ಕೆ ಇದು ಬಗ್ಗುತ್ತದಾ ಅಂತಲೂ ನೋಡುತ್ತೇವೆ. ಮುಖ್ಯವಾಗಿ ಕ್ಲಿಂಡಾಮೈಸಿನ್‌ಗೆ, ಯಾಕೆಂದರೆ ಅದು ಎಲ್ಲ ತಳಿಯ ಮೇಲೂ ಕೆಲಸ ಮಾಡುವುದಿಲ್ಲ.

ಹೆಜ್ಜೆ 3: ಪಾಸಿಟಿವ್ ಬಂದರೆ

ಆ ದಿನ ಏನೂ ಮಾಡುವುದಿಲ್ಲ. ಇದೇ ಜನರಿಗೆ ವಿಚಿತ್ರ ಅನ್ನಿಸುತ್ತದೆ. ಈಗಲೇ ಮಾತ್ರೆ ತಗೊಂಡರೆ ಬ್ಯಾಕ್ಟೀರಿಯಾ ಕೆಲವು ದಿನ ಕಡಿಮೆಯಾಗಿ, ಕರುಳಿನಿಂದ ಮತ್ತೆ ಬಂದು ಕೂರುತ್ತದೆ. ಹೆರಿಗೆ ಹೊತ್ತಿಗೆ ಇದ್ದೇ ಇರುತ್ತದೆ. ಮೂತ್ರದ ಸೋಂಕು ಇದ್ದರೆ ಮಾತ್ರ ಆಗಲೇ ಔಷಧ. ಯೋನಿ ತೊಳೆಯುವ ದ್ರಾವಣ, ಬೆಳ್ಳುಳ್ಳಿ, ಮೊಸರು ಹಚ್ಚುವುದು ಇವು ಯಾವುವೂ ಬೇಡ.

ಮಾಡಬೇಕಾದ್ದು ಒಂದೇ: ಆ ಕಾಗದ ಹೆರಿಗೆ ಆಗುವ ಜಾಗಕ್ಕೆ ತಲುಪಬೇಕು. ನಮ್ಮಲ್ಲಿ ಇದು ತಪ್ಪುವುದು ತವರಿಗೆ ಹೋಗುವಾಗ. ಬೆಂಗಳೂರಿನಲ್ಲಿ ತೋರಿಸಿಕೊಂಡು, ಸೀಮಂತ ಮುಗಿಸಿ, ಹೆರಿಗೆಗೆ ಹಾಸನಕ್ಕೋ ಶಿರಸಿಗೋ ಹೋಗಿರುತ್ತಾರೆ. ರಿಪೋರ್ಟ್ ಮಾತ್ರ ಹಳೆಯ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಉಳಿದಿರುತ್ತದೆ. ತಾಯಿ ಕಾರ್ಡಿನ ಮೇಲೆ ಡಾಕ್ಟರ ಕೈಯಲ್ಲೇ ಬರೆಸಿ, ಫೋಟೋ ತೆಗೆದು ಗಂಡನ ಫೋನಿನಲ್ಲೂ ಅಮ್ಮನ ಫೋನಿನಲ್ಲೂ ಇಡಿ.

ಸುಮಾಗೆ ನವೆಂಬರ್ 17ರ ರಾತ್ರಿ ನೋವು ಶುರುವಾಯಿತು. ಹತ್ತಕ್ಕೆ ಆಸ್ಪತ್ರೆ ಮುಟ್ಟಿದರು. ಗೇಟ್ ದಾಟಿದ ಕೂಡಲೇ ಹೇಳಿದ ಮೊದಲ ಮಾತು "ನನಗೆ ಗ್ರೂಪ್ ಬಿ ಸ್ಟ್ರೆಪ್ ಪಾಸಿಟಿವ್". ಹತ್ತೂವರೆಗೆ ರಕ್ತನಾಳದಲ್ಲಿ ಪೆನಿಸಿಲಿನ್ 50 ಲಕ್ಷ ಯೂನಿಟ್ ಕೊಟ್ಟರು. ಆಮೇಲೆ ಹೆರಿಗೆ ಆಗುವವರೆಗೆ ನಾಲ್ಕು ಗಂಟೆಗೊಮ್ಮೆ 25ರಿಂದ 30 ಲಕ್ಷ: ರಾತ್ರಿ ಎರಡೂವರೆಗೆ ಒಂದು, ಬೆಳಿಗ್ಗೆ ಆರೂವರೆಗೆ ಇನ್ನೊಂದು. ಏಳೂಕಾಲಿಗೆ ಮಗು ಹುಟ್ಟಿತು. ಕೆಲವು ಕಡೆ ಪೆನಿಸಿಲಿನ್ ಬದಲು ಆಂಪಿಸಿಲಿನ್ ಕೊಡುತ್ತಾರೆ, ಅದೂ ಸರಿಯೇ. ಲೆಕ್ಕಕ್ಕೆ ಬರುವುದು ಮೊದಲ ಡೋಸ್ ಹೆರಿಗೆಗೆ ಕನಿಷ್ಠ ನಾಲ್ಕು ಗಂಟೆ ಮುಂಚೆ ಬಿದ್ದಿತಾ ಅನ್ನುವುದು. ಅದಕ್ಕೇ ಪಾಸಿಟಿವ್ ಇರುವವರು ನೋವು ಜೋರಾಗಲಿ ಅಂತ ಮನೆಯಲ್ಲಿ ಕಾಯಬಾರದು. ನೀರು ಒಡೆದರೆ ನೋವು ಇಲ್ಲದಿದ್ದರೂ ಹೊರಡಬೇಕು. ಎರಡನೇ, ಮೂರನೇ ಹೆರಿಗೆಯವರಿಗೆ ಇದು ಇನ್ನೂ ಮುಖ್ಯ, ಅವರಿಗೆ ಹೆರಿಗೆ ಬೇಗ ಆಗುತ್ತದೆ. ಒಂದೇ ಗಂಟೆಯಲ್ಲಿ ಹೆರಿಗೆ ಆದರೂ ಗಾಬರಿ ಬೇಡ, ಮಗುವನ್ನು ಇನ್ನಷ್ಟು ಹುಷಾರಾಗಿ ನೋಡಿಕೊಳ್ಳುತ್ತಾರೆ.

ಮೊದಲೇ ನಿಗದಿಯಾದ ಸಿಸೇರಿಯನ್ ಆಗಿದ್ದು, ನೋವು ಬಂದಿಲ್ಲ, ನೀರೂ ಒಡೆದಿಲ್ಲ ಅಂದರೆ ಈ ಪೆನಿಸಿಲಿನ್ ಬೇಕಿಲ್ಲ. ಆಪರೇಷನ್‌ಗೆ ಅಂತ ಕೊಡುವ ಆಂಟಿಬಯೋಟಿಕ್ ಬೇರೆ, ಅದನ್ನು ಕೊಟ್ಟೇ ಕೊಡುತ್ತಾರೆ.

ಸ್ವ್ಯಾಬ್ ಮಾಡಿಸದೇ ಇರುವವರಿಗೆ ಮೂರು ವಿಷಯ ನೆನಪಿರಲಿ. 37 ವಾರಕ್ಕೆ ಮುಂಚೆ ನೋವು ಬಂದರೆ, ನೀರು ಒಡೆದು 18 ಗಂಟೆ ದಾಟಿದರೆ, ನೋವಿನ ಹೊತ್ತಿನಲ್ಲಿ 38 ಡಿಗ್ರಿ ಸೆಲ್ಸಿಯಸ್, ಅಂದರೆ ಸುಮಾರು 100.4 ಫ್ಯಾರನ್‌ಹೀಟ್, ಜ್ವರ ಬಂದರೆ ಆಂಟಿಬಯೋಟಿಕ್ ಕೊಡಬೇಕು. ನೀರು ಒಡೆದ ಸಮಯವನ್ನು ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ. "ಬೆಳಿಗ್ಗೆ ಯಾವಾಗಲೋ" ಅಂದರೆ ಡಾಕ್ಟರಿಗೆ ಲೆಕ್ಕ ಸಿಗುವುದಿಲ್ಲ.

ಹೆಜ್ಜೆ 4: ಅಡುಗೆಮನೆಯಲ್ಲಿ ಲಿಸ್ಟೀರಿಯಾ

ಗ್ರೂಪ್ ಬಿ ಸ್ಟ್ರೆಪ್‌ಗೆ ಊಟದ ಪಥ್ಯ ಇಲ್ಲ. ಇಲ್ಲಿಂದ ಮುಂದೆ ಹೇಳುವುದೆಲ್ಲ ಲಿಸ್ಟೀರಿಯಾಗೆ.

ಇದರ ಒಂದು ಗುಣ ತಿಳಿದರೆ ಉಳಿದ ಸಲಹೆ ಎಲ್ಲ ತಾನಾಗಿ ಅರ್ಥವಾಗುತ್ತದೆ. ಹೆಚ್ಚಿನ ಬ್ಯಾಕ್ಟೀರಿಯಾ ಫ್ರಿಜ್‌ನಲ್ಲಿ ಸುಮ್ಮನಾಗುತ್ತವೆ. ಲಿಸ್ಟೀರಿಯಾ 4 ಡಿಗ್ರಿಯಲ್ಲೂ ನಿಧಾನವಾಗಿ ಬೆಳೆಯುತ್ತದೆ. ಫ್ರೀಜರ್‌ನಲ್ಲಿ ಬೆಳೆಯುವುದಿಲ್ಲ, ಆದರೆ ಸಾಯುವುದೂ ಇಲ್ಲ. ಬಿಸಿಗೆ ಮಾತ್ರ ಸಾಯುತ್ತದೆ: 70 ಡಿಗ್ರಿಯಲ್ಲಿ ಎರಡು ನಿಮಿಷ ಸಾಕು. ಅಂದರೆ ಹಬೆಯಾಡುವಷ್ಟು ಬಿಸಿ ಮಾಡಿ ತಿನ್ನುವ ಯಾವುದಕ್ಕೂ ಭಯವಿಲ್ಲ. ಭಯ ಇರುವುದು ತಣ್ಣಗೆ ಹಲವು ದಿನ ಇಟ್ಟು, ತಣ್ಣಗೇ ತಿನ್ನುವ ಪದಾರ್ಥಕ್ಕೆ.

ಇದು ಊಟದಿಂದ ಬರುತ್ತದೆ ಅಂತ ಗಟ್ಟಿಯಾಗಿ ಗೊತ್ತಾದದ್ದು 1981ರಲ್ಲಿ, ಕೆನಡಾದ ಪೂರ್ವ ಕರಾವಳಿಯಲ್ಲಿ. ಹೆಚ್ಚಿದ ಹಸಿ ಎಲೆಕೋಸಿನ ಸಲಾಡ್ ತಿಂದು 41 ಜನರಿಗೆ ಕಾಯಿಲೆ ಬಂತು, ಅದರಲ್ಲಿ 34 ಗರ್ಭಿಣಿ ಮತ್ತು ಹಸುಗೂಸಿನ ಪ್ರಕರಣಗಳು. ಎಲೆಕೋಸಿನ ಹೊಲಕ್ಕೆ ಕುರಿಗೊಬ್ಬರ ಹಾಕಿದ್ದರು. ಆ ಕುರಿಗಳಲ್ಲಿ ಲಿಸ್ಟೀರಿಯಾ ಇತ್ತು. ಕೊಯ್ದ ಕೋಸನ್ನು ಚಳಿಗಾಲವೆಲ್ಲ ತಣ್ಣನೆಯ ಕೊಟ್ಟಿಗೆಯಲ್ಲಿ ಇಟ್ಟಿದ್ದರು. ಗೊಬ್ಬರದಿಂದ ಬಂದದ್ದು ಚಳಿಯಲ್ಲಿ ಬೆಳೆಯಿತು, ಬೇಯಿಸದೆ ತಟ್ಟೆಗೆ ಬಂತು. 2017–18ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಪೊಲೋನಿ ಎಂಬ ತಣ್ಣನೆಯ ಮಾಂಸದಿಂದ ಸಾವಿರಕ್ಕೂ ಹೆಚ್ಚು ಜನರಿಗೆ ಬಂದಾಗಲೂ ಹಸುಗೂಸುಗಳೇ ದೊಡ್ಡ ಪಾಲು.

ವಿದೇಶದಲ್ಲಿ ಇರುವವರಿಗೆ ಕೊಡುವ ಪಟ್ಟಿಯಲ್ಲಿ ಬ್ರೀ, ಕ್ಯಾಮಂಬೇರ್ ಥರದ ಮೆತ್ತನೆಯ ಚೀಸ್, ಸಲಾಮಿ, ಸ್ಮೋಕ್ ಮಾಡಿದ ತಣ್ಣನೆಯ ಮೀನು, ಪಾಟೇ ಇರುತ್ತವೆ. ನೀವು ಅಲ್ಲಿದ್ದರೆ ಅದನ್ನು ಪಾಲಿಸಿ. ನಮ್ಮ ಅಡುಗೆಮನೆಗೆ ಅದನ್ನು ಹಾಗೇ ತಂದರೆ ಪ್ರಯೋಜನ ಕಡಿಮೆ.

ನಮ್ಮಲ್ಲಿ ನೋಡಬೇಕಾದ್ದು ಮೊದಲು ಹಾಲು. ಕರೆದ ಕೂಡಲೇ ಕುಡಿಯುವ ನೊರೆಹಾಲು ಶಕ್ತಿ ಅಂತ ಹಳ್ಳಿಯಲ್ಲಿ ಬಸುರಿಗೆ ಕೊಡುತ್ತಾರೆ. ದಯವಿಟ್ಟು ಬೇಡ. ಉಕ್ಕಿಸಿ ಕೊಡಿ, ಶಕ್ತಿ ಎಲ್ಲಿಗೂ ಹೋಗುವುದಿಲ್ಲ. ಪಂಚಾಮೃತಕ್ಕೂ ಕಾಯಿಸದ ಹಾಲು ಹಾಕುವುದುಂಟು. ತೀರ್ಥ ಕೈಗೆ ಬಿದ್ದಾಗ ಬೇಡ ಅನ್ನಲು ಅತ್ತೆ ಮುಂದೆ ಕಷ್ಟ ಆಗಬಹುದು. ಮನೆಯಲ್ಲೇ ಪೂಜೆ ಆದರೆ ಕಾಯಿಸಿ ಆರಿಸಿದ ಹಾಲಿನಲ್ಲಿ ಮಾಡಿದರೆ ಮುಗಿಯಿತು. ದೇವಸ್ಥಾನದಲ್ಲಿ ಕಣ್ಣಿಗೆ ಒತ್ತಿಕೊಂಡರೆ ಸಾಕು. ಕಾಯಿಸಿದ ಹಾಲಿಗೆ ಹೆಪ್ಪು ಹಾಕಿದ ಮೊಸರು, ಮಜ್ಜಿಗೆ ಧಾರಾಳವಾಗಿ ತಗೊಳ್ಳಿ. ಹುಳಿ ಇದ್ದಲ್ಲಿ ಲಿಸ್ಟೀರಿಯಾ ಬೆಳೆಯಲು ಕಷ್ಟ. ತುಪ್ಪಕ್ಕೂ ಭಯವಿಲ್ಲ. ಪನೀರ್‌ನಲ್ಲಿ ಹುಳಿ ಕಡಿಮೆ, ನೀರಿನ ಅಂಶ ಜಾಸ್ತಿ. ಅದನ್ನು ಹಸಿಯಾಗಿ ತಿನ್ನದೆ ಪಲ್ಯಕ್ಕೋ ಸಾಗುವಿಗೋ ಹಾಕಿ ಚೆನ್ನಾಗಿ ಬೇಯಿಸಿ.

ಎರಡನೆಯದು ಫ್ರಿಜ್‌ನ ಡಬ್ಬಿಗಳು. ಉಳಿದ ಸಾರು, ಹುಳಿ, ಅನ್ನವನ್ನು ಎರಡು ಗಂಟೆಯೊಳಗೆ ಒಳಗಿಡಿ. ಮಾರನೇ ದಿನ ಮುಗಿಸಿ. ತಿನ್ನುವಾಗ ಮಧ್ಯದವರೆಗೂ ಹಬೆಯಾಡುವಂತೆ ಬಿಸಿ ಮಾಡಿ, ಬರೀ ಚಳಿ ಬಿಟ್ಟರೆ ಸಾಲದು. ನನಗೆ ಜಾಸ್ತಿ ಯೋಚನೆ ಆಗುವುದು ಕಾಯಿ ಚಟ್ನಿ ಬಗ್ಗೆ. ಭಾನುವಾರ ರುಬ್ಬಿ ಬುಧವಾರದವರೆಗೆ ದೋಸೆಗೆ ತಣ್ಣಗೆ ಹಾಕಿಕೊಳ್ಳುತ್ತೇವಲ್ಲ, ಅದಕ್ಕೆ ಬೇಯುವ ಹಂತವೇ ಇಲ್ಲ. ದಿನಕ್ಕೆ ಬೇಕಾದಷ್ಟೇ ರುಬ್ಬಿ. ದೋಸೆ ಹಿಟ್ಟು ಮಾತ್ರ ನಾಲ್ಕು ದಿನ ಇದ್ದರೂ ತೊಂದರೆ ಇಲ್ಲ, ಅದು ಹುಳಿ ಬಂದಿರುತ್ತದೆ, ಕಾವಲಿ ಮೇಲೆ ಬೇಯುತ್ತದೆ.

ಮೂರನೆಯದು ಹಸಿ ತರಕಾರಿ, ಹಣ್ಣು. ಮೊಳಕೆ ಕಾಳನ್ನು ಬೇಯಿಸಿಯೇ ತಿನ್ನಿ, ಮೊಳಕೆ ಬರಿಸುವ ಬೆಚ್ಚನೆಯ ತೇವ ಬ್ಯಾಕ್ಟೀರಿಯಾಗೂ ಇಷ್ಟ. ಕೋಸಂಬರಿ ಆಗಲೇ ಮಾಡಿ ಆಗಲೇ ತಿನ್ನುವುದಾದರೆ, ಸೌತೆ, ಕ್ಯಾರೆಟ್ ಹರಿಯುವ ನೀರಿನಲ್ಲಿ ಉಜ್ಜಿ ತೊಳೆದಿದ್ದರೆ, ಸರಿ. ಕರಬೂಜದ ಒರಟು ಸಿಪ್ಪೆಯನ್ನು ಕತ್ತರಿಸುವ ಮೊದಲೇ ತಿಕ್ಕಿ ತೊಳೆಯಬೇಕು. ಇಲ್ಲದಿದ್ದರೆ ಚಾಕು ಸಿಪ್ಪೆಯ ಮೇಲಿದ್ದದ್ದನ್ನು ಒಳಗೆ ಒಯ್ಯುತ್ತದೆ. 2011ರಲ್ಲಿ ಅಮೆರಿಕದಲ್ಲಿ ಈ ಹಣ್ಣಿನಿಂದಲೇ 33 ಜನ ತೀರಿಕೊಂಡರು. ಗಾಡಿಯಲ್ಲಿ ಹೆಚ್ಚಿಟ್ಟ ಹಣ್ಣಿನ ಬದಲು ಬಾಳೆಹಣ್ಣು ಒಳ್ಳೆಯದು.

ಹೆಜ್ಜೆ 5: ಜ್ವರ ಬಂದರೆ

ಬೇಡದ್ದು ತಿಂದುಬಿಟ್ಟೆ, ಆದರೆ ಆರಾಮಾಗಿದ್ದೇನೆ ಅಂದರೆ ಟೆಸ್ಟೂ ಬೇಡ, ಔಷಧವೂ ಬೇಡ. ಎರಡು ತಿಂಗಳು ಮೈ ಮೇಲೆ ಗಮನ ಇರಲಿ ಸಾಕು, ಯಾಕೆಂದರೆ ಲಿಸ್ಟೀರಿಯಾ ವಾರಗಳ ನಂತರವೂ ಕಾಣಿಸಿಕೊಳ್ಳುತ್ತದೆ. 38 ಡಿಗ್ರಿ ದಾಟಿದ ಜ್ವರ, ಮೈಕೈ ನೋವು, ಬೆನ್ನುನೋವು ಬಂದು, ನೆಗಡಿ ಕೆಮ್ಮು ಇಲ್ಲ ಅಂದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ತಿಂದದ್ದನ್ನು ಹೇಳಿ.

ಲಿಸ್ಟೀರಿಯಾ ಅಂತ ಅನುಮಾನ ಬಂದರೆ ಮಾಡಬೇಕಾದ ಟೆಸ್ಟ್ ರಕ್ತದ ಕಲ್ಚರ್, ಅದೂ ಆಂಟಿಬಯೋಟಿಕ್ ಶುರು ಮಾಡುವ ಮೊದಲು. ಮಲ ಪರೀಕ್ಷೆ ಅಲ್ಲ. ಟಾರ್ಚ್ ಪ್ಯಾನಲ್ ಅಂತ ಬರೆಯುವ ದುಬಾರಿ ಟೆಸ್ಟಿನಲ್ಲಿ ಲಿಸ್ಟೀರಿಯಾ ಇರುವುದಿಲ್ಲ. ಚಿಕಿತ್ಸೆ ಹೆಚ್ಚಿನ ಪ್ರಮಾಣದ ಆಂಪಿಸಿಲಿನ್, ಸಾಮಾನ್ಯವಾಗಿ ಎರಡು ವಾರ. ಜ್ವರಕ್ಕೆಂದು ಅಂಗಡಿಯಲ್ಲಿ ಕೊಡುವ ಸೆಫಿಕ್ಸಿಮ್ ಥರದ ಸೆಫಲೋಸ್ಪೊರಿನ್ ಮಾತ್ರೆಗಳು ಲಿಸ್ಟೀರಿಯಾ ಮೇಲೆ ಕೆಲಸ ಮಾಡುವುದಿಲ್ಲ. ನುಂಗಿಕೊಂಡು ಕಾಯುತ್ತಾ ಕೂತರೆ ಹೊಟ್ಟೆಯಲ್ಲಿರುವ ಮಗುವಿಗೆ ಸಿಗಬೇಕಾದ ದಿನಗಳು ಹೋಗುತ್ತವೆ.

ಹೆಜ್ಜೆ 6: ಮಗು ಮನೆಗೆ ಬಂದ ಮೇಲೆ

ಹೆರಿಗೆ ಹೊತ್ತಿನ ಪೆನಿಸಿಲಿನ್ ಮೊದಲ ವಾರದ ಕಾಯಿಲೆಯನ್ನು ತಡೆಯುತ್ತದೆ. ಆಮೇಲಿನ ಮೂರು ತಿಂಗಳಿಗೆ ಅದರ ರಕ್ಷಣೆ ಇಲ್ಲ. ಗ್ರೂಪ್ ಬಿ ಸ್ಟ್ರೆಪ್ ತಡವಾಗಿಯೂ ಬರಬಹುದು, ಲಿಸ್ಟೀರಿಯಾ ಎರಡನೇ ವಾರದ ಸುಮಾರಿಗೆ ಮೆದುಳಿನ ಪೊರೆಯ ಜ್ವರವಾಗಿ ಬರಬಹುದು. ಸ್ವ್ಯಾಬ್ ನೆಗೆಟಿವ್ ಇದ್ದ ತಾಯಿಯ ಮಗುವಿಗೂ ಇದು ಅನ್ವಯಿಸುತ್ತದೆ. ಎದೆಹಾಲು ನಿಲ್ಲಿಸಬೇಕಿಲ್ಲ. ಮಗುವನ್ನು ಮುಟ್ಟುವ ಮೊದಲು ನೋಡಲು ಬಂದವರೂ ಸೋಪು ಹಾಕಿ ಕೈ ತೊಳೆಯಲಿ.

ಹಸುಗೂಸಿಗೆ ಸೋಂಕು ಬಂದಾಗ ಜ್ವರ ಬಂದೇ ಬರಬೇಕು ಅಂತೇನಿಲ್ಲ. ಮೈ ತಣ್ಣಗಾಗುವುದೂ ಅಷ್ಟೇ ಕೆಟ್ಟ ಲಕ್ಷಣ. ಬಾಣಂತಿ ಕೋಣೆಯಲ್ಲಿ ಮಗುವಿಗೆ ಎರಡು ಮೂರು ಪದರ ಹೊದಿಸಿರುತ್ತಾರೆ, ಕೈಯಲ್ಲಿ ಮುಟ್ಟಿ ನೋಡಿದರೆ ತಿಳಿಯುವುದಿಲ್ಲ. ಥರ್ಮಾಮೀಟರ್ ಇರಲಿ: ಕಂಕುಳಲ್ಲಿ 38 ಡಿಗ್ರಿ ಅಥವಾ ಮೇಲೆ, ಇಲ್ಲವೇ 36ಕ್ಕಿಂತ ಕೆಳಗೆ ಬಂದರೆ ಹೊರಡಿ. ಹಾಲು ಕುಡಿಯುತ್ತಿದ್ದ ಮಗು ಎರಡು ಸಲ ಮೊಲೆ ಹಿಡಿಯದಿದ್ದರೆ, ಎಬ್ಬಿಸಿದರೂ ಏಳದಿದ್ದರೆ, ಕೈಕಾಲು ಜೋತುಬಿದ್ದರೆ, ಉಸಿರಿಗೊಮ್ಮೆ ನರಳಿದರೆ, ಎದೆ ಒಳಕ್ಕೆ ಸೆಳೆದರೆ, ಒಂದು ನಿಮಿಷ ಎಣಿಸಿದಾಗ ಉಸಿರು 60 ದಾಟಿದರೆ, ನೆತ್ತಿ ಉಬ್ಬಿದರೆ, ಬೆಳಗಾಗಲಿ ಅಂತ ಕಾಯಬೇಡಿ. ದೃಷ್ಟಿ ತೆಗೆಯುವುದಿದ್ದರೆ ವಾಪಸ್ ಬಂದ ಮೇಲೆ ತೆಗೆಯಿರಿ. ಆಸ್ಪತ್ರೆಯಲ್ಲಿ ಮೊದಲು ಮೂರು ವಿಷಯ ಹೇಳಿ: ಸ್ವ್ಯಾಬ್ ಏನು ಬಂದಿತ್ತು, ಹೆರಿಗೆಯಲ್ಲಿ ಆಂಟಿಬಯೋಟಿಕ್ ಎಷ್ಟು ಗಂಟೆ ಮುಂಚೆ ಕೊಟ್ಟರು, ಬಸಿರಿನಲ್ಲಿ ಜ್ವರ ಬಂದಿತ್ತಾ. ಹಸುಗೂಸಿಗೆ ಆರಂಭದಲ್ಲಿ ಕೊಡುವ ಆಂಪಿಸಿಲಿನ್, ಜೆಂಟಾಮೈಸಿನ್ ಜೋಡಿ ಈ ಎರಡೂ ಬ್ಯಾಕ್ಟೀರಿಯಾಗೆ ತಾಗುತ್ತದೆ. ನೀವು ಕೊಡುವ ಮಾಹಿತಿಯಿಂದ ಅದು ಬೇಗ ಶುರುವಾಗುತ್ತದೆ.